ವರದಿಯಲ್ಲಿ ಎಲ್ಲ ಸರಿ, ಹಿಂದಿನ ಎರಡು ಸಾಲಿಗೆ ಮಾತ್ರ ನೆಟ್ ಇಲ್ಲ: ಶಾಲೆಯೊಂದರ ವಾರದ ಮೇಲ್ ಕುರಿತ ಪ್ರಕರಣ ಅಧ್ಯಯನ

ಒಂದು ಶಾಲೆ. ಲ್ಯಾಬಿನಲ್ಲಿ ಆರು ಸಾಲು, ಸಾಲಿಗೆ ಆರರಂತೆ 36 ಕಂಪ್ಯೂಟರ್. ಲ್ಯಾಬನ್ನೂ ಇಡೀ ಶಾಲೆಯ ಇಂಟರ್ನೆಟ್ಟನ್ನೂ ನೋಡಿಕೊಳ್ಳುವವರು ಒಬ್ಬರೇ ಐಟಿ ಸಂಯೋಜಕರು. ಪ್ರತಿ ಶುಕ್ರವಾರ ಸಂಜೆ ಅವರು ಪ್ರಿನ್ಸಿಪಾಲ್ ಮೇಡಂಗೆ ಆ ವಾರದ ಸ್ಥಿತಿ ತಿಳಿಸುವ ಒಂದು ಮೇಲ್ ಕಳಿಸಬೇಕು. ಕಳಿಸುತ್ತಲೂ ಇದ್ದರು, ಒಂದು ವಾರವೂ ತಪ್ಪಿಸಿರಲಿಲ್ಲ.

ಆ ಮೇಲ್ ಸುಮಾರಾಗಿ ಹೀಗಿರುತ್ತಿತ್ತು. ವಿಷಯದ ಸಾಲಿನಲ್ಲಿ "ವಾರದ ವರದಿ". ಒಳಗೆ 36 ಕಂಪ್ಯೂಟರುಗಳ ಪಟ್ಟಿ, ಒಂದೊಂದರ ಮುಂದೆ ಆಂಟಿವೈರಸ್ ಅಪ್‌ಡೇಟ್ ಆದ ದಿನ, ಡಿಸ್ಕಿನಲ್ಲಿ ಉಳಿದ ಜಾಗ, ವಿಂಡೋಸ್ ಆವೃತ್ತಿ. ಕೊನೆಯಲ್ಲಿ ಎರಡು ಸಾಲು: "ಇಂಟರ್ನೆಟ್ ವೇಗ: 94 ಎಂಬಿಪಿಎಸ್. ಸ್ಥಿತಿ: ಸರಿ ಇದೆ." ಜೊತೆಗೆ ಒಂದು ಸ್ಪ್ರೆಡ್‌ಶೀಟ್ ಲಗತ್ತು.

ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಶಿಕ್ಷಕರ ಸಭೆಯಲ್ಲಿ ಒಬ್ಬ ಟೀಚರ್ ಎದ್ದು ನಿಂತು, "ಬುಧವಾರ ಮೂರನೇ ಪೀರಿಯಡ್‌ನಲ್ಲಿ ಹಿಂದೆ ಕೂತ ಮಕ್ಕಳಿಗೆ ನೆಟ್ಟೇ ಬರಲ್ಲ, ನಾನು ಬೋರ್ಡ್ ಮೇಲೆ ಬರೆದು ಪಾಠ ಮುಗಿಸಿದೆ" ಎಂದಾಗ ಪ್ರಿನ್ಸಿಪಾಲ್ ಕೈಯಲ್ಲಿದ್ದ ಮೇಲ್ "ಸರಿ ಇದೆ" ಎನ್ನುತ್ತಿತ್ತು. ಸಭೆ ಮುಗಿದ ಮೇಲೆ ಅವರು ಸಂಯೋಜಕರನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಸರ್, ನಿಮ್ಮ ಮೇಲ್ ಓದಿ ನಾನು ಏನು ಮಾಡಬೇಕು ಅಂತ ನೀವು ಅಂದುಕೊಂಡಿದ್ದೀರಿ?"

ಈ ಪ್ರಶ್ನೆಯಿಂದ ಮೇಲ್‌ನ ರೂಪ ಬದಲಾಯಿತು. ರೂಪ ಬದಲಾದದ್ದರಿಂದಲೇ ಮುಂದೆ ಒಂದು ವಿಚಿತ್ರ ದೋಷ ಸಿಕ್ಕಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಳೆಯುವ ಜಾಗ ಮತ್ತು ಹೊತ್ತು

ಮೊದಲು ಆ 94 ಎಂಬಿಪಿಎಸ್ ಎಲ್ಲಿಂದ ಬಂತು ಅಂತ ನೋಡೋಣ. ಸಂಯೋಜಕರು ಶುಕ್ರವಾರ ಮಧ್ಯಾಹ್ನ ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಹಾಕುತ್ತಿದ್ದರು. ಆ ಕಂಪ್ಯೂಟರಿಗೆ ಅವರೇ ಕೈಯಾರೆ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬರೆದಿಟ್ಟಿದ್ದರು. ಆ ಹೊತ್ತಿಗೆ ಲ್ಯಾಬಿನಲ್ಲಿ ಯಾರೂ ಇರುತ್ತಿರಲಿಲ್ಲ. ಅಂದರೆ ಶಾಲೆಯ ಅತ್ಯಂತ ನೆಮ್ಮದಿಯ ಹೊತ್ತಿನಲ್ಲಿ, ಅತ್ಯಂತ ನೆಮ್ಮದಿಯ ಯಂತ್ರದಲ್ಲಿ ಅಳತೆ ನಡೆಯುತ್ತಿತ್ತು. ಶಾಲೆಗೆ ಹೊರಗಿನಿಂದ ನೆಟ್ ಬರುತ್ತಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಬುಧವಾರ ಬೆಳಿಗ್ಗೆ 31ನೇ ಕಂಪ್ಯೂಟರಿಗೆ ಬಂತೇ ಎಂಬುದು ತಿಳಿಯುವುದಿಲ್ಲ.

ಶೇಕಡಾ ಲೆಕ್ಕವೂ ಹೀಗೇ ಕೈಕೊಡುತ್ತದೆ. ವಾರಕ್ಕೆ 10,080 ನಿಮಿಷ. ಅದರಲ್ಲಿ 40 ನಿಮಿಷ ನೆಟ್ ಇರಲಿಲ್ಲ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 99.6 ಶೇಕಡಾ ಹೊತ್ತು ನೆಟ್ ಇತ್ತು ಅಂತ ಬರುತ್ತದೆ. ಓದಲು ಚೆನ್ನಾಗಿದೆ. ಆದರೆ ಆ 40 ನಿಮಿಷ ಒಂದೇ ಪೀರಿಯಡ್ ಆಗಿದ್ದರೆ ಒಂದು ತರಗತಿಗೆ ಆ ವಾರದ ಲ್ಯಾಬ್ ಪೂರ್ತಿ ಹೋಯಿತು. ಶಾಲೆಯಲ್ಲಿ ಎಣಿಕೆಯ ಅಳತೆ ಪೀರಿಯಡ್ಡೇ ಆಗಬೇಕು, ಶೇಕಡಾ ಅಲ್ಲ.

ಹಾಗಾಗಿ ಮಾಡಿದ ಬದಲಾವಣೆ ತುಂಬ ಸರಳ. ಲ್ಯಾಬಿನ ಬಾಗಿಲ ಹತ್ತಿರ ಒಂದು ರಿಜಿಸ್ಟರ್ ಇಟ್ಟರು. ಪೀರಿಯಡ್ ಶುರುವಾಗಿ ಐದು ನಿಮಿಷಕ್ಕೆ ಲ್ಯಾಬ್ ಸಹಾಯಕರು ಎರಡು ಸಂಖ್ಯೆ ಬರೆಯಬೇಕು: ಎಷ್ಟು ಕಂಪ್ಯೂಟರ್ ಆನ್ ಆಗಿವೆ, ಎಷ್ಟರಲ್ಲಿ ನೆಟ್ ಇದೆ. ನೆಟ್ ಇಲ್ಲದಿದ್ದರೆ ಪರದೆಯ ಕೆಳಗೆ ಬಲಮೂಲೆಯಲ್ಲಿ ಗ್ಲೋಬಿನ ಚಿತ್ರ ಬರುತ್ತದೆ. ಸಾಲುಗಳ ನಡುವೆ ನಡೆದು ಹೋದರೆ ಕಣ್ಣಿಗೆ ಬೀಳುತ್ತದೆ, ಯಾವ ತಂತ್ರಾಂಶವೂ ಬೇಡ. ನೆಟ್ ಇಲ್ಲದ ಕಂಪ್ಯೂಟರುಗಳ ನಂಬರ್ ಮೂರನೇ ಕಾಲಮಿನಲ್ಲಿ. ಅಷ್ಟೇ.

ಇದನ್ನು ತಾನಾಗೇ ಎಣಿಸುವ ಸಾಧನಗಳೂ ಇವೆ, ಬೇಡ ಎನ್ನುವುದಿಲ್ಲ. ಆದರೆ ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಆ ಸಾಧನವನ್ನು ನೋಡಿಕೊಳ್ಳುವುದೇ ಇನ್ನೊಂದು ಕೆಲಸವಾಗುತ್ತದೆ. ಕಾಗದದ ರಿಜಿಸ್ಟರಿಗೆ ಆ ತೊಂದರೆ ಇಲ್ಲ.

ಹೊಸ ಮೇಲ್

ಮೇಡಂ ಮೇಲ್ ಓದುವುದು ಫೋನಿನಲ್ಲಿ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ. ಹಾಗಾಗಿ ವಿಷಯದ ಸಾಲಿನಲ್ಲೇ ಸ್ಥಿತಿ ಗೊತ್ತಾಗಬೇಕು, ಮೊದಲ ಪರದೆಯಲ್ಲೇ ಅವರಿಂದ ಏನು ಬೇಕು ಎಂಬುದು ಇರಬೇಕು ಎಂದು ಸಂಯೋಜಕರು ಅಂದುಕೊಂಡರು. ಹೊಸ ರೂಪದ ಮೊದಲ ಮೇಲ್ ಇದು.

> ವಿಷಯ: ಲ್ಯಾಬ್ ವರದಿ – 2 ಪೀರಿಯಡ್‌ಗೆ ತೊಂದರೆ – ನಿಮ್ಮಿಂದ ಸದ್ಯಕ್ಕೆ ಏನೂ ಬೇಡ
>
> ಮೇಡಂ, ನಮಸ್ಕಾರ.
>
> ಈ ವಾರ ಬುಧವಾರ ಮತ್ತು ಗುರುವಾರ 3ನೇ ಪೀರಿಯಡ್‌ನಲ್ಲಿ 36ರಲ್ಲಿ 27 ಕಂಪ್ಯೂಟರುಗಳಿಗೆ ಮಾತ್ರ ನೆಟ್ ಇತ್ತು. ಉಳಿದ 9 ಹಿಂದಿನ ಎರಡು ಸಾಲಿನವು. ಬೇರೆ ಎಲ್ಲ ಪೀರಿಯಡ್ ಸರಿಯಾಗಿ ನಡೆದಿವೆ.
>
> ಕಾರಣ ಇನ್ನೂ ಖಚಿತವಿಲ್ಲ. ಹಿಂದಿನ ಸಾಲುಗಳ ಕೇಬಲ್ ತುದಿಗಳು ಹಳೆಯವು, ಸೋಮವಾರ ಅವನ್ನು ಹೊಸದಾಗಿ ಹಾಕುತ್ತೇನೆ.
>
> ಹಳೆಯ ಬಾಕಿ: 14ನೇ ಕಂಪ್ಯೂಟರ್ ಕೆಟ್ಟು ಮೂರನೇ ವಾರ. ಡಿಸ್ಕ್ ಬರಬೇಕು. ಅಲ್ಲಿಯವರೆಗೆ ಆ ಜಾಗದಲ್ಲಿ ಸ್ಟೋರಿನ ಹಳೆಯ ಕಂಪ್ಯೂಟರ್ ಇಟ್ಟಿದ್ದೇನೆ.

ಆಂಟಿವೈರಸ್ ದಿನಾಂಕಗಳು ಎಲ್ಲಿ ಹೋದವು? ಸಂಯೋಜಕರ ಸ್ವಂತ ಕಡತಕ್ಕೆ. ಅವು ಬೇಕು, ಆದರೆ ಮೇಡಂಗೆ ಬೇಡ. ಯಾವುದಾದರೂ ಕಂಪ್ಯೂಟರ್ ವಾರಗಟ್ಟಲೆ ಅಪ್‌ಡೇಟ್ ಆಗದೆ ಉಳಿದರೆ ಆಗ ಮೇಲ್‌ಗೆ ಒಂದು ಸಾಲು ಬರುತ್ತದೆ.

ಇದರಲ್ಲಿ ನನಗೆ ಮುಖ್ಯ ಅನಿಸುವುದು "ಕಾರಣ ಇನ್ನೂ ಖಚಿತವಿಲ್ಲ" ಎಂಬ ಸಾಲು. ಏನಾಯಿತು ಎಂಬುದು ಒಂದು ಕಡೆ, ಯಾಕಾಯಿತು ಎಂಬ ಊಹೆ ಇನ್ನೊಂದು ಕಡೆ. ಎರಡನ್ನೂ ಬೆರೆಸಿ "ಕೇಬಲ್ ದೋಷದಿಂದ 9 ಕಂಪ್ಯೂಟರಿಗೆ ನೆಟ್ ಇರಲಿಲ್ಲ" ಅಂತ ಬರೆದಿದ್ದರೆ ಮುಂದಿನ ಕಥೆ ಬೇರೆಯೇ ಆಗುತ್ತಿತ್ತು.

ತಾನಾಗೇ ಸರಿಹೋದ ವಾರ

ಸೋಮವಾರ ಸಂಯೋಜಕರು ಹಿಂದಿನ 12 ಕೇಬಲ್‌ಗಳಿಗೂ ಹೊಸ ಕನೆಕ್ಟರ್ ಹಾಕಿದರು. ಆ ವಾರ ಬುಧವಾರವೂ ಗುರುವಾರವೂ 36ಕ್ಕೆ 36 ಸರಿ ಇದ್ದವು. ಶುಕ್ರವಾರದ ಮೇಲ್‌ನಲ್ಲಿ "ಕನೆಕ್ಟರ್ ಬದಲಿಸಿದ ಮೇಲೆ ಸರಿಹೋಗಿದೆ" ಎಂದು ಬರೆದರು. ಯಾರಾದರೂ ಹಾಗೇ ಬರೆಯುತ್ತಾರೆ, ಅಲ್ವಾ?

ಅದರ ಮುಂದಿನ ವಾರ ಮತ್ತೆ ಅದೇ. ಬುಧವಾರ 27, ಗುರುವಾರ 27. ಶುಕ್ರವಾರ ಮಧ್ಯಾಹ್ನ ಹೋಗಿ ಹಿಂದಿನ ಎರಡು ಸಾಲನ್ನೂ ಆನ್ ಮಾಡಿ ನೋಡಿದರೆ 12ಕ್ಕೆ 12 ನೆಟ್ ಬರುತ್ತಿದೆ!

ಈಗ ಅನುಮಾನ ಸ್ವಿಚ್ ಮೇಲೆ, ಅಂದರೆ ಹಲವು ಕಂಪ್ಯೂಟರುಗಳ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆಯ ಮೇಲೆ ಬಿತ್ತು. ಹಾಗಾಗುವುದು ಸಹಜ. ಹಿಂದಿನ ಎರಡು ಸಾಲಿನ ಕೇಬಲ್‌ಗಳು ಗೋಡೆಯ ಮೇಲಿನ ಒಂದು ಪ್ರತ್ಯೇಕ 16 ಪೋರ್ಟಿನ ಸ್ವಿಚ್‌ಗೆ ಹೋಗುತ್ತವೆ. ಅದು ಹಳೆಯದು. ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುವುದು ಸಾಯುತ್ತಿರುವ ಸ್ವಿಚ್‌ನ ಲಕ್ಷಣವೂ ಹೌದು. ಆ ಶುಕ್ರವಾರದ ಮೇಲ್‌ನ ವಿಷಯದ ಸಾಲು "2 ಪೀರಿಯಡ್‌ಗೆ ತೊಂದರೆ – ಹೊಸ ಸ್ವಿಚ್‌ಗೆ ಒಪ್ಪಿಗೆ ಬೇಕು" ಎಂದಾಯಿತು. ಒಳಗೆ ಮೂರು ವಾರದ ಸಂಖ್ಯೆಗಳನ್ನು ಒಂದರ ಕೆಳಗೆ ಒಂದು ಹಾಕಿದ್ದರು.

> ಮೊದಲ ವಾರ: ಬುಧ 27/36, ಗುರು 27/36
> ಎರಡನೇ ವಾರ: ಬುಧ 36/36, ಗುರು 36/36
> ಮೂರನೇ ವಾರ: ಬುಧ 27/36, ಗುರು 27/36

ಮೇಡಂ ಒಪ್ಪಿಗೆ ಕೊಡಲಿಲ್ಲ. ಅವರು ಬರೆದ ಉತ್ತರ ಎರಡೇ ಸಾಲು: "ಸ್ವಿಚ್ ಹಾಳಾಗಿದ್ದರೆ ಎರಡೂ ವಾರ ಸರಿಯಾಗಿ ಒಂಬತ್ತೇ ಯಾಕೆ ಕೆಡಬೇಕು? ಒಂದನೇ ಮತ್ತು ಮೂರನೇ ವಾರ ಮಂಗಳವಾರ ನಮ್ಮಲ್ಲಿ ಹೊರಗಿನ ಶಿಕ್ಷಕರ ತರಬೇತಿ ಇತ್ತು, ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?"

ಮೇಡಂಗೆ ನೆಟ್‌ವರ್ಕ್ ಗೊತ್ತಿಲ್ಲ. ಆದರೆ ಶಾಲೆಯ ದಿನಚರಿ ಅವರ ತಲೆಯಲ್ಲಿದೆ. ಯಾವ ದಿನ ಯಾರು ಬರುತ್ತಾರೆ, ಯಾವ ಕೋಣೆ ಯಾರಿಗೆ, ಯಾವ ವಾರ ಪರೀಕ್ಷೆ ಎಂಬುದೆಲ್ಲ ಸಂಯೋಜಕರಿಗಿಂತ ಅವರಿಗೆ ಜಾಸ್ತಿ ಗೊತ್ತು. ಮೇಲ್‌ನಲ್ಲಿ ದಿನ, ಪೀರಿಯಡ್ ಇದ್ದದ್ದರಿಂದ ಅವರು ತಮಗೆ ಗೊತ್ತಿದ್ದನ್ನು ಪಕ್ಕದಲ್ಲಿಟ್ಟು ನೋಡಲು ಆಯಿತು. "94 ಎಂಬಿಪಿಎಸ್, ಸರಿ ಇದೆ" ಎಂಬುದರ ಪಕ್ಕದಲ್ಲಿ ಏನನ್ನು ಇಟ್ಟು ನೋಡುವುದು?

31ನೇ ಕಂಪ್ಯೂಟರ್

ನಾಲ್ಕನೇ ವಾರ ತರಬೇತಿ ಇರಲಿಲ್ಲ, ತೊಂದರೆಯೂ ಇರಲಿಲ್ಲ. ಐದನೇ ವಾರದ ಮಂಗಳವಾರ ತರಬೇತಿ ಇತ್ತು. ಬುಧವಾರ ಮೂರನೇ ಪೀರಿಯಡ್‌ಗೆ ಸಂಯೋಜಕರು ಲ್ಯಾಬಿನಲ್ಲೇ ಕಾದು ಕೂತರು. ಎಣಿಸಿದಂತೆ 9 ಕಂಪ್ಯೂಟರುಗಳಲ್ಲಿ ಗ್ಲೋಬ್ ಬಂತು. 31ನೇ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಹೊಡೆದರು.

```
Autoconfiguration IPv4 Address. . : 169.254.88.17
Subnet Mask . . . . . . . . . . . : 255.255.0.0
Default Gateway . . . . . . . . . :
```

ಇಲ್ಲಿ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತವೆ. ಕೇಬಲ್ ಅಥವಾ ಸ್ವಿಚ್ ಸತ್ತಿದ್ದರೆ ವಿಳಾಸದ ಬದಲು `Media disconnected` ಅಂತ ಬರುತ್ತಿತ್ತು. ಬಂದಿಲ್ಲ, ಅಂದರೆ ತಂತಿಯಲ್ಲಿ ಸಂಪರ್ಕ ಇದೆ. ಎರಡನೆಯದು, 169.254 ಎಂದು ಶುರುವಾಗುವ ವಿಳಾಸ. ಕಂಪ್ಯೂಟರ್ ಆನ್ ಆದಾಗ "ನನಗೊಂದು ವಿಳಾಸ ಕೊಡಿ" ಎಂದು ಕೇಳುತ್ತದೆ. ಕೊಡುವ ಕೆಲಸ ರೂಟರಿನದು. ಕೇಳಿ ಕೇಳಿ ಏನೂ ಸಿಗದಿದ್ದರೆ ವಿಂಡೋಸ್ ತನಗೆ ತಾನೇ 169.254ರ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಅದರಿಂದ ಹೊರಗಿನ ನೆಟ್‌ಗೆ ಹೋಗಲು ಬರುವುದಿಲ್ಲ.

ಆದರೂ ಸ್ವಿಚ್ ಅರೆಬರೆ ಕೆಲಸ ಮಾಡುತ್ತಿರಬಹುದು ಎಂಬ ಅನುಮಾನ ಉಳಿಯುತ್ತದೆ. ಅದಕ್ಕೆ ಒಂದು ನೇರ ಪರೀಕ್ಷೆ ಇದೆ. ಸಂಯೋಜಕರು 31ನೇ ಕಂಪ್ಯೂಟರಿಗೆ ಯಾರೂ ಬಳಸದ 192.168.1.60 ಎಂಬ ವಿಳಾಸವನ್ನು ಕೈಯಾರೆ ಬರೆದರು, ಗೇಟ್‌ವೇ ಮತ್ತು ಡಿಎನ್ಎಸ್ ಜಾಗದಲ್ಲಿ ರೂಟರಿನ ವಿಳಾಸ ಹಾಕಿದರು. ತಕ್ಷಣ ನೆಟ್ ಬಂತು. ಅದೇ ಕೇಬಲ್, ಅದೇ ಸ್ವಿಚ್, ಅದೇ ಪೋರ್ಟ್. ಹೊಸ ಸ್ವಿಚ್ ಕೊಂಡಿದ್ದರೆ ಬುಧವಾರ ಮತ್ತೆ 27 ಎಂದೇ ಬರೆಯಬೇಕಾಗುತ್ತಿತ್ತು.

ಆಮೇಲೆ ರೂಟರಿನ ಪುಟಕ್ಕೆ ಹೋಗಿ ಯಾರು ಯಾರಿಗೆ ವಿಳಾಸ ಕೊಟ್ಟಿದೆ ಎಂಬ ಪಟ್ಟಿ ತೆರೆದರು. ಹಂಚಲು ಇಟ್ಟ ವಿಳಾಸಗಳು 192.168.1.100ರಿಂದ 192.168.1.199ರವರೆಗೆ, ಒಟ್ಟು 100. ಪಟ್ಟಿಯಲ್ಲಿ ನೂರೂ ಭರ್ತಿ. ಅದರಲ್ಲಿ 22 ಸಾಲುಗಳಲ್ಲಿ ಗುರುತಿಲ್ಲದ ಫೋನುಗಳು. ಅವು ಆ ಹೊತ್ತಿಗೆ ಶಾಲೆಯಲ್ಲೇ ಇರಲಿಲ್ಲ, ಹಿಂದಿನ ದಿನವೇ ಹೊರಟುಹೋಗಿದ್ದವು.

ಲೆಕ್ಕ ಕೂಡಿದ್ದು ಹೇಗೆ

ರೂಟರ್ ಕೊಡುವ ವಿಳಾಸ ಶಾಶ್ವತವಲ್ಲ, ಒಂದು ಅವಧಿಗೆ ಬಾಡಿಗೆ ಇದ್ದ ಹಾಗೆ. ಇದಕ್ಕೆ ಲೀಸ್ ಎನ್ನುತ್ತಾರೆ. ಈ ಶಾಲೆಯ ರೂಟರಿನಲ್ಲಿ ಲೀಸ್ 3 ದಿನಕ್ಕೆ ಇಟ್ಟಿದ್ದರು. ಫೋನ್ ಗೇಟು ದಾಟಿ ಹೋದರೂ ರೂಟರಿಗೆ ಗೊತ್ತಾಗುವುದಿಲ್ಲ. ಮೂರು ದಿನ ಆ ವಿಳಾಸವನ್ನು ಅದರ ಹೆಸರಿನಲ್ಲೇ ಹಿಡಿದಿಟ್ಟಿರುತ್ತದೆ.

ಶಾಲೆಯಲ್ಲಿ ಪ್ರತಿದಿನ ವಿಳಾಸ ಕೇಳುವ ಸಾಧನಗಳನ್ನು ಎಣಿಸಿದರು. ಲ್ಯಾಬಿನಲ್ಲಿ 36, ಕಚೇರಿ ಮತ್ತು ಗ್ರಂಥಾಲಯದಲ್ಲಿ 9, ತರಗತಿಗಳ ದೊಡ್ಡ ಪರದೆಗಳು 8, ಶಿಕ್ಷಕರ ಫೋನು ಮತ್ತು ಲ್ಯಾಪ್‌ಟಾಪ್ 34. ಒಟ್ಟು 87. ಅಂದರೆ ನೂರರಲ್ಲಿ 13 ಮಾತ್ರ ಖಾಲಿ.

ಇನ್ನು ಹಿಂದಿನ ಎರಡು ಸಾಲೇ ಯಾಕೆ? ಹೆಚ್ಚಿನ ತರಗತಿಗಳಿಗೆ ಮುಂದಿನ ನಾಲ್ಕು ಸಾಲು, ಅಂದರೆ 24 ಕಂಪ್ಯೂಟರ್ ಸಾಕು. ಬುಧವಾರ ಮತ್ತು ಗುರುವಾರ ಮೂರನೇ ಪೀರಿಯಡ್‌ಗೆ ಮಾತ್ರ ದೊಡ್ಡ ತರಗತಿ ಬರುತ್ತದೆ, ಆಗ 36ನ್ನೂ ಹಾಕುತ್ತಾರೆ. ಮುಂದಿನ 24 ದಿನಾ ಆನ್ ಆಗುವುದರಿಂದ ಅವುಗಳ ಲೀಸ್ ದಿನಾ ಹೊಸದಾಗುತ್ತದೆ. ಹಿಂದಿನ 12 ವಾರಾಂತ್ಯ ಕಳೆದು ಮಂಗಳವಾರದವರೆಗೂ ಆಫ್ ಆಗಿಯೇ ಇರುತ್ತವೆ, ಅಷ್ಟರಲ್ಲಿ ಲೀಸ್ ಮುಗಿದುಹೋಗಿರುತ್ತದೆ. ಅವುಗಳ ವಿಳಾಸಗಳು ಖಾಲಿ ಪಟ್ಟಿಗೆ ಸೇರುತ್ತವೆ.

ಹಾಗಾಗಿ ಮಂಗಳವಾರ ಬೆಳಿಗ್ಗೆ ಖಾಲಿ ಇರುವುದು 13 ಮತ್ತು 12, ಒಟ್ಟು 25. ತರಬೇತಿಗೆ ಬಂದವರ 22 ಫೋನು ವೈಫೈಗೆ ಸೇರುತ್ತವೆ. ಉಳಿದದ್ದು 3. ಬುಧವಾರ ಹಿಂದಿನ 12 ಆನ್ ಆದಾಗ ಮೊದಲು ಕೇಳಿದ ಮೂರಕ್ಕೆ ವಿಳಾಸ ಸಿಗುತ್ತದೆ, ಒಂಬತ್ತಕ್ಕೆ ಇಲ್ಲ. ಗುರುವಾರವೂ ಅದೇ ಮೂರು ಕೆಲಸ ಮಾಡುತ್ತವೆ, ಯಾಕೆಂದರೆ ಅವುಗಳ ಲೀಸ್ ಇನ್ನೂ ಇದೆ. ಶುಕ್ರವಾರ ಬೆಳಿಗ್ಗೆ ತರಬೇತಿಯವರ ಮೂರು ದಿನ ಮುಗಿಯುತ್ತದೆ, 22 ವಿಳಾಸ ಬಿಡುಗಡೆಯಾಗುತ್ತವೆ. ಮಧ್ಯಾಹ್ನ ಸಂಯೋಜಕರು ವರದಿ ಬರೆಯುವ ಮುಂಚೆ ಹೋಗಿ ನೋಡಿದಾಗ ಎಲ್ಲವೂ ಸರಿ.

ಶುಕ್ರವಾರವೇ ಪರೀಕ್ಷೆ ಮಾಡುವ ಪದ್ಧತಿ ಇದ್ದಷ್ಟು ದಿನ ಈ ದೋಷ ಅವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಕನೆಕ್ಟರ್ ಬದಲಿಸಿದ ವಾರ ಸರಿಯಾಗಿದ್ದಕ್ಕೂ ಕನೆಕ್ಟರಿಗೂ ಸಂಬಂಧ ಇರಲಿಲ್ಲ, ಆ ವಾರ ತರಬೇತಿ ಇರಲಿಲ್ಲ ಅಷ್ಟೇ. ಎರಡು ಸಲವೂ ಸರಿಯಾಗಿ 22 ಫೋನ್ ಬಂದದ್ದು ಸ್ವಲ್ಪ ಅದೃಷ್ಟವೇ ಅನ್ನಬೇಕು. ತರಬೇತಿಗೆ ಬರುವವರ ಪಟ್ಟಿ ಒಂದೇ ಆಗಿದ್ದರಿಂದ ಸಂಖ್ಯೆಯೂ ಒಂದೇ ಆಯಿತು. ಹಾಗಿಲ್ಲದೆ ಒಂದು ವಾರ 5, ಇನ್ನೊಂದು ವಾರ 11 ಕೆಟ್ಟಿದ್ದರೆ ಮೇಡಂಗೆ ಆ ಪ್ರಶ್ನೆ ಹೊಳೆಯುತ್ತಿತ್ತೋ ಇಲ್ಲವೋ.

ಕೇಳಬೇಕಾದದ್ದು ಬೇರೆಯೇ ಆಗಿತ್ತು

ಸರಿಪಡಿಸುವ ಕೆಲಸದಲ್ಲಿ ಎರಡು ಭಾಗ. ಒಂದು ಸಂಯೋಜಕರ ಕೈಯಲ್ಲೇ ಇದ್ದದ್ದು. ಲ್ಯಾಬಿನ 36 ಕಂಪ್ಯೂಟರಿಗೂ ರೂಟರಿನಲ್ಲಿ ವಿಳಾಸ ಕಾಯ್ದಿರಿಸಿದರು. `getmac` ಕಮಾಂಡಿನಿಂದ ಪ್ರತಿ ಯಂತ್ರದ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ ತೆಗೆದು, 1ನೇ ಕಂಪ್ಯೂಟರಿಗೆ 192.168.1.201, 31ನೆಯದಕ್ಕೆ 192.168.1.231, ಹೀಗೆ. ಕೊನೆಯ ಎರಡು ಅಂಕೆ ನೋಡಿದರೆ ಯಾವ ಕಂಪ್ಯೂಟರ್ ಅಂತ ಗೊತ್ತಾಗುತ್ತದೆ. ಇವು ಹಂಚುವ ನೂರರ ಹೊರಗಿನವು. ಹಾಗಾಗಿ ಆ ನೂರರಲ್ಲಿ ಈಗ ದಿನದ ಬಳಕೆ 51ಕ್ಕೆ ಇಳಿಯಿತು, 49 ಖಾಲಿ. ಕೆಲವು ರೂಟರುಗಳು ಹಂಚುವ ಪಟ್ಟಿಯ ಒಳಗಿನ ವಿಳಾಸವನ್ನು ಮಾತ್ರ ಕಾಯ್ದಿರಿಸಲು ಬಿಡುತ್ತವೆ. ಅಂಥ ಕಡೆ ಮೊದಲು ಪಟ್ಟಿಯನ್ನೇ 240ರವರೆಗೆ ಹಿಗ್ಗಿಸಿಕೊಳ್ಳಬೇಕು. ಹಿಗ್ಗಿಸುವ ಮುಂಚೆ ಆ ಜಾಗದಲ್ಲಿ ಪ್ರಿಂಟರ್, ಕ್ಯಾಮೆರಾ ಏನಾದರೂ ಕೈಯಾರೆ ಬರೆದ ವಿಳಾಸದಲ್ಲಿ ಕೂತಿದೆಯಾ ಎಂದು ನೋಡಲೇಬೇಕು. ಇಲ್ಲದಿದ್ದರೆ ಒಂದೇ ವಿಳಾಸಕ್ಕೆ ಎರಡು ಯಂತ್ರ ಜಗಳ ಆಡುತ್ತವೆ, ಅದನ್ನು ಹುಡುಕುವುದು ಇದಕ್ಕಿಂತ ಕಷ್ಟ.

ಕಾಯ್ದಿರಿಸುವುದಕ್ಕೂ ಒಂದು ಮಿತಿ ಇದೆ. ಅದು ಯಂತ್ರದ ಮ್ಯಾಕ್ ವಿಳಾಸಕ್ಕೆ ಕಟ್ಟಿದ್ದು. ಮುಂದೆ ಯಾವುದಾದರೂ ಕಂಪ್ಯೂಟರಿನ ಮದರ್‌ಬೋರ್ಡ್ ಅಥವಾ ನೆಟ್‌ವರ್ಕ್ ಕಾರ್ಡ್ ಬದಲಿಸಿದರೆ ಆ ಸಾಲನ್ನೂ ಬದಲಿಸಬೇಕು. ರೂಟರನ್ನೇ ಬದಲಿಸಿದರೆ 36 ಸಾಲೂ ಹೋದವು. ಹಾಗಾಗಿ ರೂಟರಿನ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದು ಬೇರೆ ಕಡೆ ಇಟ್ಟರು.

ಎರಡನೇ ಭಾಗ ಅವರ ಕೈಯಲ್ಲಿ ಇರಲಿಲ್ಲ. ತರಬೇತಿಗೆ ಬಂದವರಿಗೆ ಶಿಕ್ಷಕರ ವೈಫೈ ಪಾಸ್‌ವರ್ಡನ್ನೇ ಹೇಳುವುದು ರೂಢಿಯಾಗಿತ್ತು. ಯಾರೋ ಕೇಳುತ್ತಾರೆ, ಯಾರೋ ಹೇಳುತ್ತಾರೆ, ಇಲ್ಲ ಎನ್ನುವುದಕ್ಕೆ ಸಂಕೋಚ. ಅತಿಥಿಗಳಿಗೆಂದೇ ಬೇರೆ ವೈಫೈ ಹೆಸರು, ಬೇರೆ ವಿಳಾಸಗಳ ಗುಂಪು, 4 ಗಂಟೆಯ ಲೀಸ್ ಇಡುವ ಸೌಲಭ್ಯ ಅದೇ ರೂಟರಿನಲ್ಲಿತ್ತು. ಆದರೆ ಹೊರಗಿನವರಿಗೆ ಅದನ್ನೇ ಕೊಡಬೇಕು ಎಂದು ಇಡೀ ಶಾಲೆಗೆ ಹೇಳಬಲ್ಲವರು ಪ್ರಿನ್ಸಿಪಾಲ್ ಮಾತ್ರ. ಆ ವಾರದ ಮೇಲ್ ಹೀಗಿತ್ತು.

> ವಿಷಯ: ಲ್ಯಾಬ್ ವರದಿ – ನೆಟ್ ತೊಂದರೆಗೆ ಕಾರಣ ಸಿಕ್ಕಿದೆ – ಸೋಮವಾರದೊಳಗೆ ನಿಮ್ಮ ಒಂದು ಸೂಚನೆ ಬೇಕು
>
> ಮೇಡಂ, ನಮಸ್ಕಾರ.
>
> ಹಿಂದಿನ ಸಾಲುಗಳಿಗೆ ನೆಟ್ ಬರದಿರಲು ಕಾರಣ ಸ್ವಿಚ್ ಅಲ್ಲ. ಸ್ವಿಚ್ ಕೋರಿಕೆಯನ್ನು ವಾಪಸ್ ಪಡೆಯುತ್ತಿದ್ದೇನೆ. ನೀವು ಕೇಳಿದ್ದು ಸರಿ: ತರಬೇತಿಗೆ ಬಂದವರ ಫೋನುಗಳು ನಮ್ಮ ವೈಫೈಗೆ ಸೇರಿದಾಗ ರೂಟರಿನಲ್ಲಿ ಕೊಡಲು ಜಾಗ ಉಳಿಯುವುದಿಲ್ಲ. ಅವರು ಹೋದ ಮೇಲೂ ಆ ಜಾಗ ಮೂರು ದಿನ ಖಾಲಿಯಾಗುವುದಿಲ್ಲ.
>
> ನಾನು ಮಾಡಿರುವುದು: ಲ್ಯಾಬಿನ 36 ಕಂಪ್ಯೂಟರಿಗೂ ಜಾಗ ಕಾಯ್ದಿರಿಸಿದ್ದೇನೆ. ಅತಿಥಿಗಳಿಗೆ ಬೇರೆ ವೈಫೈ ಸಿದ್ಧವಿದೆ.
>
> ನಿಮ್ಮಿಂದ ಬೇಕಾದದ್ದು: ಹೊರಗಿನಿಂದ ಬರುವವರಿಗೆ ಇನ್ನು ಮುಂದೆ ಅತಿಥಿ ವೈಫೈ ಮಾತ್ರ ಕೊಡಬೇಕೆಂದು ಎಲ್ಲರಿಗೂ ಒಂದು ಸೂಚನೆ. ಶಿಕ್ಷಕರ ವೈಫೈ ಪಾಸ್‌ವರ್ಡ್ ಸೋಮವಾರ ಸಂಜೆ ಬದಲಿಸುತ್ತೇನೆ. ಹೊಸದನ್ನು ಮೇಲ್‌ನಲ್ಲಿ ಕಳಿಸುವುದಿಲ್ಲ, ಒಬ್ಬೊಬ್ಬರ ಸಾಧನದಲ್ಲಿ ನಾನೇ ಹಾಕಿಕೊಡುತ್ತೇನೆ.
>
> ಈ ವಿಷಯವನ್ನು ಮುಗಿಯಿತು ಎಂದು ಈಗಲೇ ಬರೆಯುವುದಿಲ್ಲ. ಮುಂದಿನ ತರಬೇತಿಯ ಮರುದಿನ 36/36 ಬಂದರೆ ಮುಗಿಸುತ್ತೇನೆ.

ಕೊನೆಯ ಸಾಲನ್ನು ಗಮನಿಸಿ. ಮುಂದಿನ ವಾರ ತರಬೇತಿ ಇಲ್ಲ, ಹಾಗಾಗಿ ಏನೂ ಮಾಡದಿದ್ದರೂ 36 ಬರುತ್ತಿತ್ತು. ಆ ವಾರದ ಸಂಖ್ಯೆಯಿಂದ ಏನೂ ಸಾಬೀತಾಗುವುದಿಲ್ಲ. ಕನೆಕ್ಟರಿನ ವಿಷಯದಲ್ಲಿ ಆದದ್ದೂ ಅದೇ. ದೋಷ ಬರಲು ಯಾವ ಸಂದರ್ಭ ಬೇಕೋ ಅದು ಮತ್ತೆ ಬಂದಾಗಲೂ ದೋಷ ಬರದಿದ್ದರೆ ಮಾತ್ರ ಸರಿಹೋಗಿದೆ ಎನ್ನಬಹುದು.

ವಿಳಾಸಗಳ ಪಟ್ಟಿ, ಫೋನುಗಳ ಹೆಸರು ಯಾವುದೂ ಮೇಲ್‌ನಲ್ಲಿ ಇಲ್ಲದಿರುವುದನ್ನೂ ನೋಡಿ. ರೂಟರಿನ ಪಟ್ಟಿಯಲ್ಲಿ ಎಷ್ಟೋ ಫೋನುಗಳು ಮಾಲೀಕರ ಹೆಸರಿನಲ್ಲೇ ಇರುತ್ತವೆ. ಅದು ನಾಲ್ಕು ಜನಕ್ಕೆ ಫಾರ್ವರ್ಡ್ ಆಗಬಹುದಾದ ಮೇಲ್‌ಗೆ ಸೇರಬೇಕಾದದ್ದಲ್ಲ.

ಆಮೇಲೆ

ಸೂಚನೆ ಸೋಮವಾರ ಬೆಳಿಗ್ಗೆಯೇ ಹೊರಟಿತು. ಪಾಸ್‌ವರ್ಡ್ ಬದಲಿಸಿದ ದಿನ ಒಂದಷ್ಟು ಗೊಣಗಾಟ ಆಯಿತು, ಅದು ಆಗುವುದೇ. ಮುಂದಿನ ತರಬೇತಿಯ ಮರುದಿನ ಬುಧವಾರ 36/36, ಗುರುವಾರ 36/36. ಆ ಎರಡು ದಿನ ಹಂಚುವ ನೂರರಲ್ಲಿ ಖಾಲಿ ಇದ್ದದ್ದು ಕಡಿಮೆ ಎಂದರೆ 44. ಐದು ಹೆಚ್ಚಿನವು ಯಾರದು ಎಂದು ನೋಡಿದರೆ ಶಿಕ್ಷಕರ ಎರಡನೇ ಫೋನುಗಳು. ಪರವಾಗಿಲ್ಲ ಎಂದು ಬಿಟ್ಟರು. ಆ ಶುಕ್ರವಾರ ವಿಷಯ ಮುಗಿಯಿತು ಎಂದು ಬರೆದರು.

ಮೇಲ್‌ಗೆ ಒಂದು ಸಾಲು ಮಾತ್ರ ಕಾಯಂ ಸೇರಿತು: ಆ ವಾರ ರೂಟರಿನಲ್ಲಿ ಅತಿ ಕಡಿಮೆ ಎಷ್ಟು ಜಾಗ ಉಳಿದಿತ್ತು ಎಂಬುದು. 20ಕ್ಕಿಂತ ಇಳಿದರೆ ವಿಷಯದ ಸಾಲಿಗೆ ಬರುತ್ತದೆ, ಇಲ್ಲದಿದ್ದರೆ ಕೆಳಗೆ ಸುಮ್ನೆ ಕೂತಿರುತ್ತದೆ.

ಇನ್ನು ಆ 94 ಎಂಬಿಪಿಎಸ್. ಪ್ರತಿ ವಾರ ಸರಿಯಾಗಿ 94 ಬರುವುದು ಕೂಡ ಅಷ್ಟು ಒಳ್ಳೆಯ ಸುದ್ದಿಯಲ್ಲ. 100 ಎಂಬಿಪಿಎಸ್ ಪೋರ್ಟ್ ಮೂಲಕ ಅಳೆದರೆ ಸಿಗುವ ಗರಿಷ್ಠವೇ ಹೆಚ್ಚುಕಡಿಮೆ ಅಷ್ಟು. ಶಾಲೆ ತೆಗೆದುಕೊಂಡಿರುವ ಸಂಪರ್ಕ 200 ಎಂಬಿಪಿಎಸ್‌ನದು. ಅಂದರೆ ಸಂಯೋಜಕರ ಕೋಣೆಗೂ ರೂಟರಿಗೂ ನಡುವೆ ಎಲ್ಲೋ ಒಂದು ಹಳೆಯ ಪೋರ್ಟ್ ಇದೆ, ಇಲ್ಲವೇ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಯಾವುದೋ ಕಡಿದಿದೆ. ಅದರಿಂದ ಯಾವ ಪೀರಿಯಡ್ಡೂ ಕೆಟ್ಟಿಲ್ಲ, ಹಾಗಾಗಿ ಅದು ಹಳೆಯ ಬಾಕಿಯ ಪಟ್ಟಿಯಲ್ಲಿ 14ನೇ ಕಂಪ್ಯೂಟರಿನ ಡಿಸ್ಕಿನ ಕೆಳಗೆ ಇದೆ. ರಜೆಯಲ್ಲಿ ನೋಡುತ್ತೇನೆ ಎಂದು ಸಂಯೋಜಕರು ಬರೆದಿದ್ದಾರೆ, ಮೇಡಂ ಒಪ್ಪಿದ್ದಾರೆ.